ಬಿಟ್ಟುಹೋದ ಬಡ್ಡಿ

ಗದಗಿನಲ್ಲಿ ಅಪ್ಪನದು ಹತ್ತಿ ಅಂಗಡಿ. ಒಂದು ವರ್ಷ ಆದಾಯ ತೆರಿಗೆ ರಿಟರ್ನ್ ಕೊಟ್ಟು ಬಂದ ಮೇಲೆ ಅವ್ವ ಕೇಳಿದಳು:

"ಶಿರಹಟ್ಟಿ ಬ್ಯಾಂಕಿನ ಠೇವಣಿ ಬಡ್ಡಿಯೊಳಗ ನನಗ ಹೊಲಿಗಿ ಮಶಿನ್ ಕೊಡಿಸಿದ್ರಲ್ಲಾ, ಅದನ್ನ ಬರದೀರೇನ್ರಿ?"

ಅಪ್ಪ ಬರೆದಿರಲಿಲ್ಲ. ಮರುದಿನವೇ ತಮ್ಮ ತೆರಿಗೆ ವಕೀಲರನ್ನು ಕೇಳಿದರು.

"ಇನ್ನೂ ಅಸೆಸ್‌ಮೆಂಟ್ ಆಗಿಲ್ಲ, ತಿದ್ದಿ ಕೊಡಾಕ ಬರ್ತೈತ್ರಿ" ಎಂದರು ವಕೀಲರು.

ಅಪ್ಪ ಆ ಬಡ್ಡಿಯನ್ನು ಸೇರಿಸಿ, ಹೆಚ್ಚಿನ ತೆರಿಗೆಗೆ ಬ್ಯಾಂಕಿನಲ್ಲಿ ಚಲನ್ ತುಂಬಿ, ಪರಿಷ್ಕೃತ ರಿಟರ್ನ್ ಹಿಡಿದು ತೆರಿಗೆ ಕಚೇರಿಗೆ ಹೋದರು. ನಾನೂ ಜೊತೆಗಿದ್ದೆ.

ಅಧಿಕಾರಿ ಅದನ್ನು ನಿಧಾನವಾಗಿ ಓದಿದರು. "ನಿಮ್ಮ ಮ್ಯಾಲೆ ಯಾರರೆ ದೂರಿನ ಅರ್ಜಿ ಹಾಕ್ಯಾರೇನ್ರಿ?"

"ಇಲ್ರಿ ಸಾಹೇಬ್ರ. ಮನ್ಯಾಗ ಕೇಳಿದ್ರು."

ಅಧಿಕಾರಿ ಸ್ವೀಕೃತಿ ಚೀಟಿಗೆ ಮುದ್ರೆ ಹಾಕಿಸಿದರು. "ಅವ್ರನ್ನ ಇಲ್ಲಿ ಕೆಲಸಕ್ಕ ಕಳಸ್ರಿ."

ಅಪ್ಪ ಮನೆಗೆ ಬಂದು ಇದನ್ನು ಹೇಳಿದಾಗ ಅವ್ವ ನಗಲಿಲ್ಲ.

"ಪಗಾರ ಎಷ್ಟಂತ ಕೇಳಿದ್ರೇನ್ರಿ?" ಎಂದಳು.