ತಾರಸಿಯಿಂದ ಇಳಿಯದ ಜೇನು ಪೆಟ್ಟಿಗೆ

ಅತ್ತಾವರದ ನಮ್ಮ ಫ್ಲ್ಯಾಟಿನಲ್ಲಿ ನನ್ನನ್ನು ಎಲ್ಲರೂ ಕರೆಯುವುದು ಜೇನಿನ ಮೇಡಂ ಎಂದು. ಆಸ್ಪತ್ರೆಯ ಲ್ಯಾಬಿನಲ್ಲಿ ಇಷ್ಟು ವರ್ಷ ಇವರೆಲ್ಲರ ರಕ್ತ ಪರೀಕ್ಷೆ ಮಾಡಿದ್ದೇನೆ, ಅದು ಯಾರಿಗೂ ನೆನಪಿಲ್ಲ. ಇರಲಿ. ತಾರಸಿಯ ಮೂಲೆಯಲ್ಲಿ, ನೀರಿನ ಟ್ಯಾಂಕಿನ ನೆರಳಿಗೆ ನನ್ನದೊಂದು ತುಡುವೆ ಜೇನಿನ ಪೆಟ್ಟಿಗೆ ಇತ್ತು. ಅದನ್ನು ಇಳಿಸಲೇಬೇಕೆಂದು ಸಂಘದ ಕಾರ್ಯದರ್ಶಿಗಳ ಹಟ. ಜೀವ ಇರುವವರೆಗೆ ಇಳಿಸುವುದಿಲ್ಲ ಎಂದು ನನ್ನ ಹಟ.

ಕಾರ್ಯದರ್ಶಿಗಳು ಗಲ್ಫಿನಲ್ಲಿ ದುಡಿದು ಬಂದವರು, ಮನುಷ್ಯ ಒಳ್ಳೆಯವರೇ. ಆದರೆ ಹಾರುವುದೆಲ್ಲ ಕುಟ್ಟುತ್ತದೆ ಎಂದು ಅವರ ನಂಬಿಕೆ. ಒಮ್ಮೆ ಬಾಲ್ಕನಿಯಲ್ಲಿ ಬಿದ್ದಿದ್ದ ದಪ್ಪ ನೊಣವೊಂದನ್ನು ಟಿಶ್ಯೂ ಕಾಗದದಲ್ಲಿ ಹಿಡಿದುಕೊಂಡು ಸಾಕ್ಷಿ ಸಮೇತ ನನ್ನ ಬಾಗಿಲಿಗೆ ಬಂದರು. ಅದು ಗಂಡು ಜೇನುನೊಣ, ಅದಕ್ಕೆ ಕುಟ್ಟುವ ಮುಳ್ಳೇ ಇಲ್ಲ ಎಂದೆ. ಆಕಾಶದಲ್ಲಿ ಯಾವುದಾದರೂ ಹೊಸ ರಾಣಿಯನ್ನು ಕೂಡುವುದು ಬಿಟ್ಟರೆ ಅದಕ್ಕೆ ಬೇರೆ ಉದ್ಯೋಗವಿಲ್ಲ, ತಿಂದುಕೊಂಡಿರುತ್ತದೆ. ಗೂಡಿಗೆ ಆಹಾರ ಕಡಿಮೆಯಾದರೆ ಕೆಲಸದ ನೊಣಗಳು, ಎಲ್ಲವೂ ಹೆಣ್ಣೇ, ಅದನ್ನು ರೆಕ್ಕೆ ಹಿಡಿದು ಬಾಗಿಲ ಹೊರಗೆ ದಬ್ಬುತ್ತವೆ. ಕಾರ್ಯದರ್ಶಿಗಳು ಟಿಶ್ಯೂವನ್ನು ಮಡಚಿ ಜೇಬಿಗೆ ಹಾಕಿ, ಇದನ್ನು ಮೀಟಿಂಗಿನಲ್ಲಿ ಹೇಳಬೇಡಿ ಎಂದು ಕೇಳಿಕೊಂಡು ಹೋದರು.

ಆ ಏಪ್ರಿಲ್‌ನಲ್ಲಿ ಪೆಟ್ಟಿಗೆ ಬರಿದಾಗತೊಡಗಿತು. ಮುಚ್ಚಳ ತೆರೆದರೆ ರಾಣಿ ಇದ್ದಳು, ಮೊಟ್ಟೆ ಇತ್ತು, ಮರಿ ಇತ್ತು, ಮೇಲಿನ ಮೇಣದ ಎರಿಗಳಲ್ಲಿ ಜೇನುತುಪ್ಪವೂ ಇತ್ತು. ಕೆಲಸದ ನೊಣಗಳೇ ಇಲ್ಲ! ಕೆಳಗೆ ಒಂದು ಹೆಣವೂ ಬಿದ್ದಿಲ್ಲ. ತುಡುವೆಗೆ ಸಿಟ್ಟು ಬಂದರೆ ಗೂಡು ಬಿಟ್ಟು ಹೋಗುವುದು ಹೊಸತಲ್ಲ. ಆದರೆ ಹೋಗುವಾಗ ರಾಣಿಯನ್ನೂ ಕರೆದುಕೊಂಡೇ ಹೋಗುತ್ತದೆ. ಇದು ಹಾಗಲ್ಲ. ಮರಿಗಳು ಚೀಲದ ಹಾಗೆ ಉಬ್ಬಿ ಸಾಯುವ ರೋಗವಿದೆಯೇ ನೋಡಿದೆ, ಇರಲಿಲ್ಲ. ನುಸಿ ಹುಡುಕಿದೆ, ಸಿಗಲಿಲ್ಲ. ಹೊರಗೆ ಹೋದವು ಹೊರಗೇ ಸಾಯುತ್ತಿದ್ದವು.

"ಪಕ್ಕದ ಮೊಬೈಲ್ ಟವರಿನ ರೇಡಿಯೇಶನ್ ಮೇಡಂ, ನಾವು ಎಂತ ಮಾಡ್ಲಿಕ್ಕೆ ಉಂಟು?" ಎಂದರು ಕಾರ್ಯದರ್ಶಿಗಳು. ವಾಟ್ಸಾಪಿನಲ್ಲಿ ಬಂದದ್ದನ್ನೂ ತೋರಿಸಿದರು. ನನಗೆ ಮೈ ಉರಿಯಿತು. ಆ ಟವರು ನನ್ನ ಪೆಟ್ಟಿಗೆಗಿಂತ ಹಳೆಯದು, ಅದರ ಬುಡದಲ್ಲೇ ನನ್ನ ಜೇನು ಗುಂಡುಗುಂಡಾಗಿ ಬೆಳೆದಿದೆ. ಹೊರದೇಶಗಳಲ್ಲಿ ಹೀಗೆ ಗೂಡುಗಳು ಖಾಲಿಯಾದಾಗ ವಿಜ್ಞಾನಿಗಳು ನುಸಿ, ವೈರಸ್, ಕೀಟನಾಶಕ, ಹೂವಿಲ್ಲದ ಹಸಿವು ಎಲ್ಲವನ್ನೂ ಹೆಸರಿಸಿದ್ದಾರೆ. ಬಹುಶಃ ಹಲವು ಕಾರಣ ಒಟ್ಟಿಗೆ ಎನ್ನುತ್ತಾರೆ. ಯಾವುದೂ ಖಚಿತವಿಲ್ಲ ಎಂದ ಮಾತ್ರಕ್ಕೆ ಕೈಗೆ ಸಿಕ್ಕಿದ್ದರ ಮೇಲೆ ಹೊರಿಸಿ ಮಲಗಬಹುದೇ? ಲ್ಯಾಬಿನಲ್ಲಿ ನಾನು ಹಾಗೆ ರಿಪೋರ್ಟು ಬರೆದರೆ ಮರುದಿನ ಕೆಲಸ ಇರುವುದಿಲ್ಲ.

ಎಲ್ಲಿಗೆ ಹೋಗುತ್ತಿವೆ ಎಂದು ಜೇನನ್ನೇ ಕೇಳುವುದೆಂದು ನಿಶ್ಚಯಿಸಿದೆ. ನನ್ನ ಪೆಟ್ಟಿಗೆಯ ಒಂದು ಬದಿಗೆ ಗಾಜು ಉಂಟು, ಅದರ ಮೇಲೊಂದು ಹಲಗೆ. ಸಿಹಿ ಕಂಡು ಬಂದ ನೊಣ ಕತ್ತಲೆಯಲ್ಲಿ, ನೆಟ್ಟಗೆ ನಿಂತ ಎರಿಯ ಮೇಲೆ ಕುಣಿಯುತ್ತದೆ. ಹೊಟ್ಟೆ ಅಲ್ಲಾಡಿಸುತ್ತ ನೇರ ಓಡಿ, ಸುತ್ತಿ ಬಂದು, ಮತ್ತೆ ಅದೇ ಗೆರೆಯಲ್ಲಿ ಓಡುತ್ತದೆ. ಮೇಲಕ್ಕೆ ಓಡಿದರೆ ಸೂರ್ಯನಿರುವ ದಿಕ್ಕಿಗೆ ಎಂದರ್ಥ. ಎಷ್ಟು ಓರೆಯಾಗಿ ಓಡಿದರೆ ಸೂರ್ಯನಿಂದ ಅಷ್ಟೇ ಓರೆ. ಅಲ್ಲಾಡಿಸುವ ಓಟ ಉದ್ದವಾದಷ್ಟೂ ಜಾಗ ದೂರ.

ನನಗೆ ಬಿಡುವು ಸಿಗುವುದು ಮಧ್ಯಾಹ್ನದ ಊಟಕ್ಕೆ ಮಾತ್ರ. ಟಿಫಿನ್ ಬಿಟ್ಟು ಓಡಿ ಬಂದೆ. ಕಾರ್ಯದರ್ಶಿಗಳೂ ತಮಾಷೆ ನೋಡಲು ಹಿಂದೆಯೇ ಮೇಲೆ ಹತ್ತಿದರು. ತಲೆಯ ಮೇಲೆ ಬಟ್ಟೆ ಹೊದ್ದು ಹಲಗೆ ತೆಗೆದರೆ ಒಂದು ನೊಣ ಆ ಕಡೆ ಓಡುತ್ತಿದೆ, ಒಂದು ಈ ಕಡೆ. ಅದೇ ನೊಣ ಎರಡನೇ ಸಲ ಇನ್ನೊಂದು ಕಡೆ. ದಿಕ್ಕೂ ಇಲ್ಲ, ದೆಸೆಯೂ ಇಲ್ಲ. ನಿಮ್ಮ ಜೇನಿಗೇ ದಾರಿ ಗೊತ್ತಿಲ್ಲವಲ್ಲ ಮೇಡಂ ಎಂದು ಕಾರ್ಯದರ್ಶಿಗಳು ನಕ್ಕರು. ಮರುದಿನವೂ ಹಾಗೆಯೇ. ಅಳು ಬಂದಿತ್ತು, ನುಂಗಿಕೊಂಡೆ. ಪಿತ್ತ ನೆತ್ತಿಗೇರಿ ಕೆಳಗೆ ನೋಡಿದಾಗ ನೆಲದಲ್ಲಿ ನನ್ನ ನೆರಳೇ ಇರಲಿಲ್ಲ, ಕಾಲಡಿಯಲ್ಲಿ ಮುದುಡಿ ಕೂತಿತ್ತು.

ಆಗ ಹೊಳೆಯಿತು. ಏಪ್ರಿಲ್ ಕೊನೆಗೆ ನಮ್ಮ ಮಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಅವನಿಗೇ ದಿಕ್ಕಿಲ್ಲದಿರುವಾಗ ಅವನನ್ನು ನಂಬಿದ ಜೇನು ಯಾವ ದಿಕ್ಕು ಹೇಳಬೇಕು? ಮರುದಿನ ರಜೆ ಹಾಕಿ ಬೆಳಗ್ಗೆಯೇ ಕೂತೆ. ಸೂರ್ಯ ಪೂರ್ವದಲ್ಲಿ, ಜೇನೆಲ್ಲ ಎಡಕ್ಕೆ ಅಡ್ಡ ಓಡುತ್ತಿದ್ದವು. ಸಂಜೆ ಸೂರ್ಯ ಪಶ್ಚಿಮಕ್ಕೆ ಹೋದ; ಜೇನು ಬಲಕ್ಕೆ ಅಡ್ಡ. ಎರಡು ಹೊತ್ತೂ ಹೇಳಿದ್ದು ಒಂದೇ: ಉತ್ತರ. ಓಟವೂ ಗಿಡ್ಡ, ಅಂದರೆ ಹತ್ತಿರ. ಚಪ್ಪಲಿ ಮೆಟ್ಟಿ ಉತ್ತರಕ್ಕೆ ನಡೆದೆ.

ಆಸ್ಪತ್ರೆಗೆ ಹೋಗುವ ರಸ್ತೆಯ ಜ್ಯೂಸ್ ಅಂಗಡಿ. ಮೆಡಿಕಲ್ ವಿದ್ಯಾರ್ಥಿಗಳು ಕುಡಿದು ಕಾಗದದ ಲೋಟ ಎಸೆಯುವ ತೊಟ್ಟಿ, ಬಾಯಿ ತೆರೆದು ಬಿಸಿಲಿಗೆ ಕೂತಿತ್ತು. ಒಂದು ಲೋಟ ಎತ್ತಿ ನೋಡಿದೆ. ತಳದ ಸಕ್ಕರೆ ನೀರಿನಲ್ಲಿ ನನ್ನ ಜೇನು ಮುಳುಗಿ ಸತ್ತಿದ್ದವು. ಇನ್ನೊಂದರಲ್ಲೂ, ಮತ್ತೊಂದರಲ್ಲೂ. ರಸ್ತೆ ಅಗಲ ಮಾಡಲು ಮರ ಕಡಿದ ಮೇಲೆ ಹೂವೆಲ್ಲಿದೆ? ಇಲ್ಲಿ ಸಿಹಿ ಸಿಕ್ಕಿತು. ಬದುಕಿ ಬಂದವು ಕುಣಿದು ಉಳಿದವನ್ನೂ ಇಲ್ಲಿಗೇ ಕಳಿಸಿದವು. ದೊಡ್ಡವು ಸತ್ತಂತೆ, ಒಳಗೆ ಮರಿಗೆ ಉಣಿಸುತ್ತಿರಬೇಕಾದ ಎಳೆಯವೂ ಹೊತ್ತಿಗೆ ಮುಂಚೆ ಹೊರಟು ಸತ್ತವು.

ಅಂಗಡಿಯವರು ಬ್ಯಾರಿ ಸಮುದಾಯದ ಯುವಕ, ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. ಲೋಟಗಳನ್ನು ಅವರ ಮುಂದೆ ಸಾಲಾಗಿ ಇಟ್ಟೆ.

"ಗಿರಾಕಿಗಳು ಬಿಸಾಡ್ತಾರೆ ಅಕ್ಕ, ನಾನು ಎಂತ ಮಾಡುವುದು?"

"ತೊಟ್ಟಿಗೆ ಮುಚ್ಚಳ ಮಾಡಿ ಮಾರಾಯ್ರೆ. ಮಾಡುವವರೆಗೆ ನಾನು ಇಲ್ಲಿಂದ ಏಳುವುದಿಲ್ಲ."

ನಿಜಕ್ಕೂ ಕೂತೆ, ಅವರದೇ ಸ್ಟೂಲಿನ ಮೇಲೆ. ಅವರು ಲೋಟಗಳೊಳಗೆ ಇಣುಕಿದರು, ಒಂದು ಸತ್ತ ನೊಣವನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿ, ಫೋನು ಕೈಗೆತ್ತಿಕೊಂಡರು. ಕತ್ತಲಾಗುವ ಮುಂಚೆ ಮುಚ್ಚಳದ ತೊಟ್ಟಿ ಬಂತು, ವಾರದೊಳಗೆ ಕಾಗದದ ಬದಲು ಸ್ಟೀಲ್ ಲೋಟವೂ.

ನನ್ನ ಗೂಡಿಗೆ ಅದು ತಡವಾಗಿತ್ತು. ಉಣಿಸುವವರಿಲ್ಲದೆ ಮರಿಗಳು ಒಣಗಿದವು. ರಾಣಿಯ ಕೆಲಸ ಮೊಟ್ಟೆಯಿಡುವುದು, ಅವಳಿಗೆ ಉಣಿಸಬೇಕಾದದ್ದೂ ಕೆಲಸದ ನೊಣಗಳೇ. ಬೆರಳೆಣಿಕೆಯ ನೊಣಗಳ ನಡುವೆ ಒಂದು ಬೆಳಗ್ಗೆ ಅವಳೂ ಸತ್ತಿದ್ದಳು. ನಾನು ಟ್ಯಾಂಕಿನ ಹಿಂದೆ ಕೂತು ಚೆನ್ನಾಗಿ ಅತ್ತೆ.

ಸಂಘದ ಮೀಟಿಂಗಿನಲ್ಲಿ ಖಾಲಿ ಪೆಟ್ಟಿಗೆಯನ್ನಾದರೂ ಇಳಿಸಿ ಎಂದರು. ಖಾಲಿ ಮರದ ಡಬ್ಬ ಯಾರಿಗೆ ಕುಟ್ಟುತ್ತದೆ ಎಂದು ಕೇಳಿದೆ. ಕೊನೆಗೆ, ಯಾರೂ ಹೊರಗಿನಿಂದ ಜೇನು ತರಬಾರದು ಎಂದು ನಿರ್ಣಯವಾಯಿತು. ಎಲ್ಲರಿಗಿಂತ ಮೊದಲು ನಾನೇ ಸಹಿ ಹಾಕಿದೆ. ಮೇಲೆ ಹೋಗಿ ಪೆಟ್ಟಿಗೆಯ ಒಳಗೆಲ್ಲ ಪರಿಮಳ ಬರುವ ಹಾಗೆ ಹಳೆಯ ಮೇಣ ಸವರಿ, ಬಾಗಿಲು ತೆರೆದಿಟ್ಟೆ.

ಮಳೆ ಹೋಗಿ ಬಿಸಿಲು ಬಿದ್ದ ಮೇಲೆ ಒಂದೆರಡು ನೊಣ ಬಂದು ಪೆಟ್ಟಿಗೆಯ ಮೂಲೆಮೂಲೆ ಅಳೆದು ಹೋಗತೊಡಗಿದವು. ಮರುದಿನ ಇನ್ನಷ್ಟು. ಒಂದು ಭಾನುವಾರ ತಾರಸಿಯ ಮೇಲೆ ಆಕಾಶವೇ ಗುಂಯ್ ಎಂದಿತು. ಕಾರ್ಯದರ್ಶಿಗಳು ಪೊರಕೆ ಹಿಡಿದು ಏದುಸಿರು ಬಿಡುತ್ತ ಹತ್ತಿ ಬರುವಾಗ ಇಡೀ ಹಿಂಡು ಪೆಟ್ಟಿಗೆಯೊಳಗೆ ಹರಿದು ಹೋಗುತ್ತಿತ್ತು.

"ನಿರ್ಣಯಕ್ಕೆ ಸಹಿ ಹಾಕಿದ್ದೀರಿ ಮೇಡಂ."

"ನಾನು ತರಲಿಲ್ಲ. ಅವರೇ ಬಂದದ್ದು."

"ರಾಣಿ ಹೇಳಿದ್ದಾ?"

"ರಾಣಿಗೆ ಹೇಳುವ ಅಧಿಕಾರ ಇಲ್ಲ. ನೋಡಿ ಹೋದವು ಕುಣಿದು ಹೇಳ್ತವೆ. ಉಳಿದವು ಸ್ವತಃ ಬಂದು ನೋಡಿ, ಸರಿ ಕಂಡರೆ ತಾವೂ ಕುಣಿತವೆ. ಸಾಕಷ್ಟು ಒಪ್ಪಿಗೆ ಆದ ಮೇಲೆ ಎಲ್ಲ ಒಟ್ಟಿಗೆ ಹೊರಡುವುದು. ಅವರ ಮೀಟಿಂಗಿನ ನಿರ್ಣಯ ಅದು. ಬೇಡ ಅಂತ ನೀವೇ ಹೇಳಿ ನೋಡಿ."

ಕಾರ್ಯದರ್ಶಿಗಳು ಪೆಟ್ಟಿಗೆಯ ಬಾಗಿಲನ್ನು ನೋಡಿದರು. ಕೈಯಲ್ಲಿದ್ದ ಪೊರಕೆಯನ್ನು ಟ್ಯಾಂಕಿಗೆ ಒರಗಿಸಿಟ್ಟು ಇಳಿದು ಹೋದರು. ಪೊರಕೆ ಈಗಲೂ ಅಲ್ಲೇ ಉಂಟು, ಪೆಟ್ಟಿಗೆಯೂ ಉಂಟು.