ಒಂದರ ಹೆಸರು ಲಾಭ

ಅಪ್ಪ ನಲವತ್ತು ವರ್ಷ ಆಳಂದದ ಮಾರುಕಟ್ಟೆಯಲ್ಲಿ ತೊಗರಿ ತೂಗಿದವರು. ಅಲ್ಲಿ ಎಣಿಕೆ ಒಂದರಿಂದ ಶುರುವಾಗುವುದಿಲ್ಲ. ಮೊದಲ ಚೀಲಕ್ಕೆ ಶುಭವಾಗಲೆಂದು ‘ಲಾಭ’ ಅನ್ನುತ್ತಾರೆ, ಆಮೇಲೆ ಎರಡು, ಮೂರು. ಈಗ ಜೇವರ್ಗಿಯ ನಮ್ಮ ಮನೆಯಲ್ಲಿದ್ದರೂ ಅಪ್ಪನ ಬಾಯಲ್ಲಿ ಒಂದು ಎಂಬ ಅಂಕಿಯೇ ಇಲ್ಲ. ಮೊಬೈಲಿನಲ್ಲಿ ಪಿನ್ ಒತ್ತುವಾಗಲೂ ಗಟ್ಟಿಯಾಗಿ, “ಏಳ, ಲಾಭ...”

“ಅಪ್ಪಾ, ಓಣಿಗೆಲ್ಲ ಡಂಗುರ ಹೊಡೀತಿಯೇನ?” ಎಂದು ನಾನು ರೇಗುತ್ತಿದ್ದೆ.

ಅಣ್ಣನಿಗಂತೂ ಅಪ್ಪನ ಕೈಯಲ್ಲಿ ಬ್ಯಾಂಕಿನ ಆ್ಯಪ್ ಇರುವುದೇ ಬೇಡ. ಅಪ್ಪ ಬಿಡುವವರಲ್ಲ. ಹಾಗಾಗಿ ದಿನಕ್ಕೆ ಎರಡು ಸಾವಿರದ ಮಿತಿ ಹಾಕಿದೆ. ವ್ಯವಹಾರವಾದರೆ ಅಪ್ಪನಿಗೆ ಎಸ್ಸೆಮ್ಮೆಸ್, ನನಗೆ ಇ-ಮೇಲ್ ಬರುವಂತೆ ಮಾಡಿದೆ. ಓಟಿಪಿ ಯಾರಿಗೂ ಹೇಳಬಾರದು ಎಂದೆ.

“ನಿನಗೂ?”

“ನನಗೂ ಹೇಳಬ್ಯಾಡ.”

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದೆ. ಪಡಸಾಲೆಯಿಂದ ಮಾರುಕಟ್ಟೆಯ ದನಿ ಕೇಳಿತು: “ಬರಕೋರಿ. ನಾಕ, ಎಂಟ, ಲಾಭ...”

ಫೋನಿನ ಸ್ಪೀಕರಿನಲ್ಲಿ ಯಾರೋ ಅವಸರಪಟ್ಟರು: “ಸರ್, ನಂಬರ್ ಹೇಳಿ. ಲಾಭ ಅಂದ್ರೆ ಎಷ್ಟು?”

“ಲಾಭ ಅಂದ್ರ ಲಾಭರಿ! ಬ್ಯಾಂಕಿನ್ಯಾಂವ ಅಂತಿ, ಅಷ್ಟೂ ತಿಳಿವಲ್ದೇನ?”

ಓಡಿಹೋಗಿ ಫೋನು ಕಸಿದು ಕರೆ ಕತ್ತರಿಸಿದೆ. ಸಂಜೆಯೊಳಗೆ ಖಾತೆ ಬಂದ್ ಆಗುತ್ತದೆಂದು ಹೆದರಿಸಿ, ಎಟಿಎಂ ಕಾರ್ಡಿನ ವಿವರವನ್ನು ಅವನು ಆಗಲೇ ಬರೆದುಕೊಂಡಿದ್ದ. ಬಂದಿದ್ದ ಓಟಿಪಿ, ಬೇರೊಂದು ಫೋನಿನಲ್ಲಿ ಅಪ್ಪನ ಖಾತೆಯ ಆ್ಯಪ್ ತೆರೆಯಲು. ತೆರೆದಿದ್ದರೆ ನಾನು ಹಾಕಿದ ಮಿತಿಯನ್ನೂ ಅವನೇ ಏರಿಸಿಕೊಳ್ಳಬಹುದಿತ್ತು. ಪಾಸ್‌ಬುಕ್ಕಿನಲ್ಲಿದ್ದ ಬ್ಯಾಂಕಿನ ನಂಬರಿಗೆ ಫೋನು ಮಾಡಿ ಕಾರ್ಡು ಬ್ಲಾಕ್ ಮಾಡಿಸಿದೆ, ಆ್ಯಪ್ ಸೇವೆಯನ್ನೂ ನಿಲ್ಲಿಸಿದೆ. ಒಂದು ರೂಪಾಯಿಯೂ ಹೋಗಿರಲಿಲ್ಲ.

“ನಿನ್ನ ಲಾಭಾನ ನಿನ್ನ ಉಳಿಸ್ತು ನೋಡಪಾ,” ಎಂದು ಛೇಡಿಸಿದೆ. ಅಪ್ಪ ನಗಲಿಲ್ಲ. ಫೋನನ್ನು ನನ್ನ ಕಡೆ ಸರಿಸಿದರು.

“ನಿಮ್ಮಣ್ಣ ಅನ್ನೂದು ಖರೇ ಐತಿ. ನೀನ ಇಟ್ಕೋ.”

ಎಂಥ ವ್ಯಾಪಾರಿಗೂ ಒಂದು ಹಿಡಿ ಕಾಳು ಕದಿಯಲು ಬಿಡದ ಮನುಷ್ಯ ಹೀಗೆ ಕುಗ್ಗಿದ್ದು ನೋಡಿ ನನಗೆ ಅಳು ಬಂತು.

“ತಕ್ಕಡಿ ಮುಂದ ಯಾರರ ಗಡಿಬಿಡಿ ಮಾಡಿದ್ರ ಏನ ಮಾಡ್ತಿದ್ದಿ?”

“ತೂಕಾನ ನಿಲ್ಲಸ್ತಿದ್ದೆ.”

“ಇಲ್ಲೂ ಅಷ್ಟ ಮಾಡು. ಫೋನ ಇಟ್ಟುಬಿಡು.”

ಅಪ್ಪ ಫೋನನ್ನು ಮತ್ತೆ ತಮ್ಮ ಕಡೆ ಎಳೆದುಕೊಂಡರು.

ಮರುವಾರ ಇಬ್ಬರೂ ಬ್ಯಾಂಕಿಗೆ ಹೋಗಿ ಎಲ್ಲ ಹೊಸದಾಗಿ ಮಾಡಿಸಿದೆವು. ಮನೆಗೆ ಬಂದು, ಪರೀಕ್ಷೆಗೆಂದು ನನಗೆ ಹತ್ತು ರೂಪಾಯಿ ಕಳಿಸು ಎಂದೆ. ಅಪ್ಪ ಬಾಯಿ ಬಿಗಿ ಹಿಡಿದು, ಧೋತರದ ಚುಂಗಿನಿಂದ ಫೋನು ಮುಚ್ಚಿಕೊಂಡರು. ನಾನು ಬಗ್ಗಿ ನೋಡಿದೆ.

“ಏ, ಆ ಕಡೆ ಮಾರಿ ಮಾಡು!” ಎಂದು ಗದರಿದರು.

ಜೀವನದಲ್ಲಿ ಬೈಸಿಕೊಂಡು ಅಷ್ಟು ಖುಷಿಯಾಗಿದ್ದು ಅದೇ ಮೊದಲು. ಗೋಡೆಯ ಕಡೆ ತಿರುಗಿ ನಿಂತೆ.