ಖಾಲಿ ಕುರ್ಚಿಗೆ ಕೇಳಿದ ಪ್ರಶ್ನೆ

ಜಯನಗರದ ನಾಲ್ಕನೇ ಬ್ಲಾಕಿನ ಸತ್ಯಭಾಮಾ ವಾರಪತ್ರಿಕೆಗಳಿಗೆ ಕಥೆ ಬರೆಯುತ್ತಾಳೆಂದು ನಮ್ಮ ಬೀದಿಗೆಲ್ಲ ಗೊತ್ತು. ಬರೆಯುವ ಮೊದಲು ಖಾಲಿ ಕುರ್ಚಿಯ ಜೊತೆ ಮಾತಾಡುತ್ತಾಳೆಂಬುದು ಪಕ್ಕದ ಮನೆಯವಳಾದ ನನಗಷ್ಟೇ ಗೊತ್ತಿತ್ತು. ಹುಚ್ಚೇನೇ ಅಂದರೆ ನಗುತ್ತಿದ್ದಳು. "ಪರಿಚಯ ಇಲ್ದೋರ ಮೇಲೆ ಕಥೆ ಹೆಂಗೆ ಬರೀಲಿ? ಮೊದ್ಲು ವಿಚಾರಿಸ್ಬೇಕು."

ಎದುರು ಕುರ್ಚಿಯಲ್ಲಿ ಪಾತ್ರ ಕೂತಿದೆ ಎಂದುಕೊಂಡು ಪ್ರಶ್ನೆ ಹಾಕುವಳು. ಎದ್ದು ಹೋಗಿ ತಾನೇ ಅದರಲ್ಲಿ ಕೂತು, ಪಾತ್ರವಾಗಿ, ಬಾಯಿಬಿಟ್ಟು ಉತ್ತರ ಹೇಳುವಳು. ಕಥೆಯ ಸುದ್ದಿ ಎತ್ತುವಂತಿಲ್ಲ. ಬೆಳಿಗ್ಗೆ ಏನು ತಿಂದೆ, ಟ್ರಂಕಿನ ತಳದಲ್ಲಿ ಏನಿದೆ, ಇಂಥವೇ ಮೊದಲು. ಪಾತ್ರ ಜಾರಿಕೊಂಡರೆ ಅದನ್ನೇ ಬೇರೆ ದಾರಿಯಿಂದ ಕೇಳುವಳು. ಜಾರುವ ಕಡೆಯೇ ಭಯ ಇರುತ್ತದಂತೆ. ತಾನು ಎಣಿಸಿರದ ಉತ್ತರ ಬರುವ ತನಕ ಪೆನ್ನು ಮುಟ್ಟುತ್ತಿರಲಿಲ್ಲ.

ಎಪ್ಪತ್ತೆಂಟರ ಒಂದು ಭಾನುವಾರ ಕುರ್ಚಿಯಲ್ಲಿದ್ದವಳು ಹೊಸ ಕಥೆಯ ಅತ್ತೆ, ಗೌರಮ್ಮ. ಆಮೇಲೆ ಆದದ್ದನ್ನು ಸತ್ಯಭಾಮಾ ನನ್ನ ಮುಂದೆ ತಲೆಯೆತ್ತದೆ ಹೇಳಿಕೊಂಡಳು.

"ಬೆಳಿಗ್ಗೆ ಏನ್ ತಿಂದ್ರಿ?"

"ನಮ್ಮಂಥೋರು ಎಲ್ರೂ ತಿಂದ್ಮೇಲೆ ತಿನ್ನೋದು."

"ಅಡುಗೆ ಯಾರ್ದು?"

"ನಮ್ಮಂಥೋರದ್ದೇ. ಇನ್ಯಾರು ಮಾಡ್ತಾರೆ?"

'ನಾನು' ಅನ್ನಬೇಕಾದಲ್ಲೆಲ್ಲ 'ನಮ್ಮಂಥೋರು'. ದನಿ ಸಿಕ್ಕಿತೆಂದು ಸತ್ಯಭಾಮಾ ಹಿಗ್ಗಿದಳು. ಅದು ತನ್ನ ಸ್ವಂತ ಅತ್ತೆ ಲಕ್ಷ್ಮಿದೇವಮ್ಮನವರ ದನಿಯೆಂದು ಹೊಳೆಯಿತು. ಹೊಳೆದರೂ ನಿಲ್ಲಿಸಲಿಲ್ಲ, ನೋಡಿ!

"ಸೊಸೆ ಒಂದಿನ ಅಡುಗೆ ಮಾಡ್ಲಿ ಬಿಡಿ."

"ಸೊಪ್ಪು ಬಿಡಿಸ್ಬೇಕು, ಏಳ್ತೀನಿ."

ಜಾರಿದಳು. ಸತ್ಯಭಾಮಾ ಬಿಡಲಿಲ್ಲ.

"ಅಡುಗೆಮನೆ ಕೈತಪ್ಪಿದ್ರೆ?"

"ಮೂಲೇಲಿ ಕೂತ್ಕೋತೀನಿ, ಅಷ್ಟೇ. ನನ್ನನ್ಯಾರು ಕರೀತಾರೆ?"

ಮೊದಲ ಸಲ 'ನಮ್ಮಂಥೋರು' ಹೋಗಿ 'ನನ್ನನ್ನು' ಬಂದಿತ್ತು. ಭಯ ಸಿಕ್ಕಿತು, ಇನ್ನು ಗುಟ್ಟು.

"ಯಾರಿಗೂ ಹೇಳದೇ ಇರೋದೇನು?"

"ಸಾರಿಗೆ ಬೇಕೂಂತ್ಲೇ ಉಪ್ಪು ಜಾಸ್ತಿ ಹಾಕ್ತೀನಿ. ಸೊಸೆ ತಿನ್ಲಿ ಅಂತ."

ಬಾಗಿಲಲ್ಲಿ ಲೋಟದ ಸದ್ದಾಯಿತು. ಲಕ್ಷ್ಮಿದೇವಮ್ಮ ಕಾಫಿ ಹಿಡಿದು ನಿಂತಿದ್ದರು. ತಮ್ಮದೇ ದನಿ ಅವರಿಗೆ ಗೊತ್ತಾಗದೆ ಇರುತ್ತದೆಯೇ?

"ಬೇಕೂಂತ ಅಲ್ಲ ಕಣಮ್ಮ," ಅಂದರು. "ಯುಗಾದಿಯಿಂದೀಚೆಗೆ ನಾಲಿಗೆಗೆ ರುಚೀನೇ ಗೊತ್ತಾಗ್ತಿಲ್ಲ. ಹೇಳಿದ್ರೆ ಸೌಟು ಕಿತ್ಕೋತೀರಾ ಅಂತ ಸುಮ್ಮನಿದ್ದೆ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಸತ್ಯಭಾಮಾಗೆ. ಮದುವೆಯಾಗಿ ಬಂದಾಗಿನಿಂದ ಅತ್ತೆ ಬೆಳಿಗ್ಗೆ ಏನು ತಿಂದರೆಂದು ಒಮ್ಮೆಯೂ ಕೇಳಿದವಳಲ್ಲ. ಕುರ್ಚಿಯನ್ನು ಕೇಳಿದ್ದಳು. ನಾಚಿಕೆಯಿಂದ ಆ ಕುರ್ಚಿ ಬಿಟ್ಟು ಏಳಲೂ ಆಗಲಿಲ್ಲ.

"ತಪ್ಪಾಯ್ತು ಅತ್ತೆ. ಇದನ್ನ ಬರೆಯಲ್ಲ."

"ಬರಿ," ಅಂದರು ಲಕ್ಷ್ಮಿದೇವಮ್ಮ. "ಆದ್ರೆ ನೀನಂದ ಹಾಗೇ ಬರಿ, ಬೇಕೂಂತ ಹಾಕ್ತಿದ್ಲು ಅಂತ. ಕೆಟ್ಟೋಳು ಅನ್ನು, ಪರವಾಗಿಲ್ಲ. ಕೈಲಾಗ್ದೋಳು ಅಂತ ಮಾತ್ರ ಬರೀಬೇಡ."